ಯೂಟ್ಯೂಬ್ ವಿಡಿಯೋ ಡಿಲೀಟ್ ಮಾಡೋದಾ, ಹೈಡ್ ಮಾಡೋದಾ? ಡಿಲೀಟ್ ಆಗಿದ್ದು ವಾಪಸ್ ಸಿಗುತ್ತಾ?

ನನ್ನ ಫ್ರೆಂಡ್ ಒಬ್ಳು ಯೂಟ್ಯೂಬಲ್ಲಿ ಮ್ಯಾಥ್ಸ್ ಪಾಠದ ಚಾನೆಲ್ ನಡೆಸ್ತಾಳೆ. ಒಂದಿನ ಸಂಜೆ ಯಾರೋ ಸ್ಟೂಡೆಂಟ್ ಕಾಮೆಂಟ್ ಹಾಕಿದ, ಮಿಸ್, 6 ನಿಮಿಷ 40 ಸೆಕೆಂಡಲ್ಲಿ ಕಾಸ್ ಎ ಪ್ಲಸ್ ಬಿ ಫಾರ್ಮುಲಾ ತಪ್ಪಾಗಿದೆ ಅಂತ. ನೋಡಿದ್ರೆ ನಿಜವಾಗ್ಲೂ ಮಧ್ಯೆ ಮೈನಸ್ ಬರ್ಬೇಕಿದ್ದ ಕಡೆ ಪ್ಲಸ್ ಬರೆದಿದ್ದಾಳೆ. ಮೂರು ವರ್ಷದಿಂದ ಮಕ್ಕಳು ಅದನ್ನ ನೋಡ್ಕೊಂಡು ಕಲೀತಿದಾರಲ್ಲ ಅಂತ ಅವಳಿಗೆ ಎಷ್ಟು ಕಸಿವಿಸಿ ಆಯ್ತು ಅಂದ್ರೆ ಹಿಂದೆ ಮುಂದೆ ನೋಡದೆ ಡಿಲೀಟ್ ಮಾಡ್ಬಿಟ್ಲು, ಸರಿ ಮಾಡಿ ನಾಳೆ ಮತ್ತೆ ಅಪ್‌ಲೋಡ್ ಮಾಡಿದ್ರಾಯ್ತು ಅನ್ಕೊಂಡು. ಅರ್ಧ ಗಂಟೆ ಆದ್ಮೇಲೆ ನಂಗೆ ಫೋನ್, "ಇದ್ರಲ್ಲಿ ಟ್ರ್ಯಾಶ್ ಎಲ್ಲಿದೆ, ಕಾಣ್ತಾನೇ ಇಲ್ವಲ್ಲೇ?"

ಇಲ್ಲ. ಯೂಟ್ಯೂಬಲ್ಲಿ ಟ್ರ್ಯಾಶ್ ಅನ್ನೋದೇ ಇಲ್ಲ. ಫೋನ್ ಗ್ಯಾಲರಿಲಿ, ಮೇಲಲ್ಲಿ, ಕಂಪ್ಯೂಟರಲ್ಲಿ ಎಲ್ಲ ಕಡೆ ಡಿಲೀಟ್ ಮಾಡಿದ್ದು ಒಂದಷ್ಟು ದಿನ ಬಿನ್ನಲ್ಲಿ ಬಿದ್ದಿರುತ್ತೆ, ಅದೇ ಅಭ್ಯಾಸದಲ್ಲಿ ನಾವು ಇಲ್ಲೂ ಕೈ ಹಾಕ್ತೀವಿ, ಇಲ್ಲಿ ಮಾತ್ರ ಆ ನಡುವಿನ ಮೆಟ್ಟಿಲೇ ಇಲ್ಲ. ಚಾನೆಲ್ ನೋಡ್ಕೊಳ್ಳೋಕೆ ಇರೋ ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ಬಟನ್ ಮೇಲೆ ಬರೆದಿರೋದೇ Delete forever ಅಂತ, ಅದನ್ನ ಒತ್ತೋಕೆ ಮುಂಚೆ ಇದು ಶಾಶ್ವತ, ವಾಪಸ್ ಬರಲ್ಲ ಅಂತ ಒಪ್ಪಿಕೊಂಡು ಒಂದು ಟಿಕ್ ಬೇರೆ ಹಾಕ್ಬೇಕು. ಆ ಟಿಕ್ ನಾವೆಲ್ಲ ಓದದೇನೆ ಹಾಕ್ತೀವಿ.

ಹಾಗಾಗಿ ಡಿಲೀಟ್ ಮಾಡೋಕೆ ಮುಂಚೆ ಯಾರೇ ನನ್ನ ಕೇಳಿದ್ರೂ ನಾನು ಹೇಳೋದು ಒಂದೇ, ಮೊದ್ಲು ಪ್ರೈವೇಟ್ ಮಾಡಿ. ಯಾಕೆ ಅಂದ್ರೆ ನೋಡೋರ ಕಡೆಯಿಂದ ಎರಡಕ್ಕೂ ವ್ಯತ್ಯಾಸನೇ ಇಲ್ಲ. ನೀವು ಪ್ರೈವೇಟ್ ಮಾಡಿದ್ರೂ ಸರಿ ಡಿಲೀಟ್ ಮಾಡಿದ್ರೂ ಸರಿ, ಆ ಲಿಂಕ್ ಒತ್ತಿದೋರಿಗೆ ವಿಡಿಯೋ ಸಿಗಲ್ಲ, ಸರ್ಚಲ್ಲಿ ಬರಲ್ಲ, ಚಾನೆಲ್ ಪೇಜಲ್ಲಿ ಕಾಣಲ್ಲ. ವ್ಯತ್ಯಾಸ ಎಲ್ಲ ಇರೋದು ನಿಮ್ಮ ಕಡೆ.

ಹೈಡ್ ಅಂತ ನಾವೆಲ್ಲ ಬಾಯ್ಮಾತಿಗೆ ಹೇಳ್ತೀವಿ, ಆದ್ರೆ ಯೂಟ್ಯೂಬಲ್ಲಿ ಒಂದು ವಿಡಿಯೋಗೆ ಹೈಡ್ ಅನ್ನೋ ಬಟನ್ ಇಲ್ಲ, ಇರೋದು Visibility ಅನ್ನೋ ಸೆಟ್ಟಿಂಗ್, ಅದ್ರೊಳಗೆ ಪಬ್ಲಿಕ್, ಅನ್‌ಲಿಸ್ಟೆಡ್, ಪ್ರೈವೇಟ್ ಅಂತ ಮೂರು. ಪ್ರೈವೇಟ್ ಅಂದ್ರೆ ನೀವು, ಮತ್ತೆ ನೀವೇ ಇಮೇಲ್ ಕೊಟ್ಟು ಸೇರಿಸಿದೋರು ಮಾತ್ರ ನೋಡ್ಬಹುದು. ಅನ್‌ಲಿಸ್ಟೆಡ್ ಅಂದ್ರೆ ಲಿಂಕ್ ಯಾರ ಹತ್ರ ಇದೆಯೋ ಅವರೆಲ್ಲ ನೋಡ್ಬಹುದು, ಅವರು ಇನ್ನೊಬ್ರಿಗೆ ಕಳಿಸಬಹುದು, ಅವರು ಮತ್ತೊಬ್ರಿಗೆ. ಇಲ್ಲಿ ತುಂಬಾ ಜನ ಎಡವೋದು. ಅನ್‌ಲಿಸ್ಟೆಡ್ ಮಾಡಿ ಅಬ್ಬಾ ಮುಚ್ಚಿಟ್ಟೆ ಅಂತ ನಿರಾಳವಾಗಿ ಕೂತ್ಕೋತಾರೆ, ಆದ್ರೆ ವಿಡಿಯೋ ಒಂದ್ಸಲ ಪಬ್ಲಿಕ್ ಆಗಿದ್ದು ಆಮೇಲೆ ಅನ್‌ಲಿಸ್ಟೆಡ್ ಆಗಿದ್ರೆ ಹಳೇ ಲಿಂಕ್ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಅದು ಇನ್ನೂ ಓಡ್ತಾ ಇರುತ್ತೆ. ಯಾರಾದ್ರೂ ಅದನ್ನ ತಮ್ಮ ಪಬ್ಲಿಕ್ ಪ್ಲೇಲಿಸ್ಟಿಗೆ ಸೇರಿಸಿದ್ರಂತೂ ಗೊತ್ತಿಲ್ಲದೋರಿಗೂ ಸಿಗಬಹುದು. ಮುಚ್ಚಿಡೋದು ನಿಜವಾಗ್ಲೂ ಬೇಕು ಅಂದ್ರೆ ಪ್ರೈವೇಟ್. ಅನ್‌ಲಿಸ್ಟೆಡ್ ಇರೋದು ಹಳೇ ವಿಡಿಯೋ ಚಾನೆಲಲ್ಲಿ ಎದ್ದು ಕಾಣೋದು ಬೇಡ, ಆದ್ರೆ ಲಿಂಕ್ ಇಟ್ಕೊಂಡೋರಿಗೆ ಸಿಗ್ತಾ ಇರ್ಲಿ ಅನ್ನೋ ಸಂದರ್ಭಕ್ಕೆ.

ಅನ್‌ಲಿಸ್ಟೆಡ್ ಬಗ್ಗೆ ಇನ್ನೊಂದು, ಹಳೇ ಚಾನೆಲ್ ಇರೋರಿಗೆ. 2017ಕ್ಕಿಂತ ಮುಂಚೆ ಹಾಕಿದ್ದ ಅನ್‌ಲಿಸ್ಟೆಡ್ ವಿಡಿಯೋಗಳನ್ನ ಯೂಟ್ಯೂಬ್ 2021ರ ಜುಲೈಯಲ್ಲಿ ತಾನಾಗೇ ಪ್ರೈವೇಟ್ ಮಾಡ್ತು, ಬೇಡ ಅಂತ ಮೊದಲೇ ತಿಳಿಸಿದೋರ ವಿಡಿಯೋ ಬಿಟ್ಟು. ನಿಮ್ಮ ಹಳೇ ವಿಡಿಯೋ ಡಿಲೀಟ್ ಆಗೋಯ್ತು ಅಂತ ನೀವು ಅನ್ಕೊಂಡಿದ್ರೆ ಒಂದ್ಸಲ ಸ್ಟುಡಿಯೋ ತೆಗೆದು ನೋಡಿ, ಅಲ್ಲೇ ಪ್ರೈವೇಟ್ ಆಗಿ ಕೂತಿರಬಹುದು.

ಪ್ರೈವೇಟ್ ಮಾಡಿದ್ರೆ ಏನು ಉಳಿಯುತ್ತೆ

ಫೈಲ್ ಉಳಿಯುತ್ತೆ, ಲಿಂಕ್ ಅದೇ ಇರುತ್ತೆ, ವ್ಯೂಸ್, ಲೈಕ್, ಟೈಟಲ್, ಡಿಸ್ಕ್ರಿಪ್ಷನ್, ಥಂಬ್‌ನೇಲ್, ಸಬ್‌ಟೈಟಲ್ ಎಲ್ಲ ಇದ್ದಲ್ಲೇ ಇರುತ್ತೆ. ಪ್ರೈವೇಟ್ ಇರೋವಷ್ಟು ದಿನ ಕಾಮೆಂಟ್ ಮಾಡೋಕೆ ಆಗಲ್ಲ ಅಷ್ಟೆ. ನಾಳೆ, ಮುಂದಿನ ತಿಂಗಳು, ಎರಡು ವರ್ಷ ಬಿಟ್ಟು, ಯಾವಾಗ ಬೇಕಾದ್ರೂ ಪಬ್ಲಿಕ್ ಮಾಡಿದ್ರೆ ಅದೇ ಲಿಂಕಲ್ಲಿ ಅದೇ ವಿಡಿಯೋ. ಮತ್ತೆ ಜಾಗ ತಿನ್ನುತ್ತೆ ಅನ್ನೋ ಭಯ ಬೇಡ, ಯೂಟ್ಯೂಬಿಗೆ ಹಾಕಿದ ವಿಡಿಯೋ ನಿಮ್ಮ ಗೂಗಲ್ ಅಕೌಂಟಿನ 15 ಜಿಬಿ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಜಾಗ ಖಾಲಿ ಮಾಡೋಕೆ ಅಂತ ಡಿಲೀಟ್ ಮಾಡೋದಕ್ಕೆ ಅರ್ಥನೇ ಇಲ್ಲ.

ಡಿಲೀಟ್ ಮಾಡಿದ್ರೆ ಇದೆಲ್ಲ ಹೋಗುತ್ತೆ, ಮುಖ್ಯವಾಗಿ ಲಿಂಕ್. ವಿಡಿಯೋ ಅಡ್ರೆಸ್ಸಲ್ಲಿ v= ಆದ್ಮೇಲೆ ಬರೋ 11 ಅಕ್ಷರ ಇದೆಯಲ್ಲ, ಅದೇ ಆ ವಿಡಿಯೋದ ಐಡಿ. ಅದೇ ಫೈಲನ್ನ ಮತ್ತೆ ಅಪ್‌ಲೋಡ್ ಮಾಡಿದ್ರೂ ಹೊಸ ಐಡಿನೇ ಸಿಗೋದು, ಹಳೇದು ಕೇಳಿದ್ರೂ ಕೊಡಲ್ಲ. ನನ್ನ ಫ್ರೆಂಡ್ ತನ್ನ ಪಿಡಿಎಫ್ ನೋಟ್ಸಲ್ಲೆಲ್ಲ ಆ ಲಿಂಕ್ ಹಾಕಿದ್ಲು, ಆ ನೋಟ್ಸ್ ಎಷ್ಟೋ ಮಕ್ಕಳ ಫೋನಲ್ಲಿ ಇದೆ, ಅದನ್ನ ಒತ್ತಿದ್ರೆ ಈಗ Video unavailable ಅಂತ ಬರುತ್ತೆ. ಅನಲಿಟಿಕ್ಸಲ್ಲೂ ಅಷ್ಟೆ, ಚಾನೆಲ್‌ನ ಒಟ್ಟು ವಾಚ್ ಟೈಮ್ ರಿಪೋರ್ಟಲ್ಲಿ ಅದರ ಪಾಲು ಸೇರಿಕೊಂಡಿರುತ್ತೆ, ಆದ್ರೆ ಆ ವಿಡಿಯೋ ಹೆಸರಲ್ಲಿ ಹುಡುಕಿದ್ರೆ ಏನೂ ಸಿಗಲ್ಲ.

ಮಾನಿಟೈಸೇಷನ್‌ಗೆ ಕಾಯ್ತಾ ಇರೋರು ಮಾತ್ರ ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಆಡ್ ದುಡ್ಡು ಬರೋ ಹಂತಕ್ಕೆ 1000 ಸಬ್‌ಸ್ಕ್ರೈಬರ್ ಜೊತೆ ಕಳೆದ 12 ತಿಂಗಳಲ್ಲಿ 4000 ಗಂಟೆ ಪಬ್ಲಿಕ್ ವಾಚ್ ಅವರ್ಸ್ ಬೇಕು (ಶಾರ್ಟ್ಸ್ ದಾರಿ ಬೇರೆ ಇದೆ, ಅದು ಇಲ್ಲಿ ಬೇಡ). ಪಬ್ಲಿಕ್ ಅಂದ್ರೆ ಪಬ್ಲಿಕ್ಕೇ, ಪ್ರೈವೇಟ್, ಅನ್‌ಲಿಸ್ಟೆಡ್, ಡಿಲೀಟ್ ಆದ ವಿಡಿಯೋಗಳ ಗಂಟೆ ಯಾವುದೂ ಸೇರಲ್ಲ. ನಿಮ್ದು 4200 ಗಂಟೆ ಆಗಿದೆ ಅನ್ಕೊಳ್ಳಿ, ಅದ್ರಲ್ಲಿ ಒಂದೇ ವಿಡಿಯೋದು 900 ಗಂಟೆ. ಅದನ್ನ ಮುಚ್ಚಿದ್ರೆ ನಿಮ್ಮ ಲೆಕ್ಕ 3300ಕ್ಕೆ ಇಳಿಯುತ್ತೆ, ಯಾವ ರೀತಿ ಮುಚ್ಚಿದ್ರೂ ಇಳಿಯುತ್ತೆ. ಆದ್ರೆ ಪ್ರೈವೇಟ್ ಮಾಡಿದೋರಿಗೆ ಅದನ್ನ ಮತ್ತೆ ಪಬ್ಲಿಕ್ ಮಾಡೋ ದಾರಿ ಇದೆ, ಡಿಲೀಟ್ ಮಾಡಿದೋರು ಆ 900 ಗಂಟೆನ ಮೊದಲಿಂದ ದುಡೀಬೇಕು. ಅರ್ಜಿ ಹಾಕೋ ಹೊತ್ತಲ್ಲಿ ಚಾನೆಲ್ ಕ್ಲೀನ್ ಮಾಡೋಣ ಅಂತ ಹಳೇ ವಿಡಿಯೋ ತೆಗೀತಾರಲ್ಲ, ದಯವಿಟ್ಟು ಮುಂಚೆ ಈ ಲೆಕ್ಕ ನೋಡ್ಕೊಳ್ಳಿ.

ತಪ್ಪಿರೋ ವಿಡಿಯೋಗೆ ಇವೆರಡೂ ಬೇಡದೇ ಇರಬಹುದು

ಅವಳ ವಿಷಯದಲ್ಲಿ ನಂಗೆ ಹೊಟ್ಟೆ ಉರಿದಿದ್ದು ಇದಕ್ಕೇ. ತಪ್ಪಿದ್ದಿದ್ದು 20 ಸೆಕೆಂಡ್. ಸ್ಟುಡಿಯೋದಲ್ಲಿ ಆ ವಿಡಿಯೋ ತೆಗೆದು ಎಡಗಡೆ Editor ಅಂತ ಇರುತ್ತೆ, ಅದ್ರೊಳಗೆ ಟ್ರಿಮ್ ಅಂಡ್ ಕಟ್, ಅದ್ರಲ್ಲಿ 6:35ರಿಂದ 6:55ರ ತನಕ ಕತ್ತರಿಸಿ ಸೇವ್ ಮಾಡಿದ್ರೆ ಪ್ರೊಸೆಸ್ ಆಗೋಕೆ ಒಂದಷ್ಟು ಹೊತ್ತು ತಗೊಂಡು ಅದೇ ಲಿಂಕಲ್ಲಿ, ಅದೇ ವ್ಯೂಸ್ ಅದೇ ಕಾಮೆಂಟ್ ಇಟ್ಕೊಂಡು ತಪ್ಪಿಲ್ಲದ ವಿಡಿಯೋ ಬರ್ತಿತ್ತು. ಕತ್ತರಿಸಿದ ಜಾಗದಲ್ಲಿ ಸರಿಯಾದ ಫಾರ್ಮುಲಾನ ಪಿನ್ ಮಾಡಿದ ಕಾಮೆಂಟಲ್ಲಿ ಬರೆದಿದ್ರೆ ಮುಗೀತಿತ್ತು. ಕಟ್ ಸರಿ ಹೋಗ್ಲಿಲ್ಲ ಅಂದ್ರೆ ಮೂಲ ವಿಡಿಯೋಗೆ ವಾಪಸ್ ಹೋಗೋ ಆಯ್ಕೆನೂ ಅಲ್ಲೇ ಇದೆ. ಇದಕ್ಕೂ ಮಿತಿ ಇದೆ, 1 ಲಕ್ಷ ವ್ಯೂಸ್ ದಾಟಿದ ವಿಡಿಯೋಗೆ ಬ್ಲರ್ ಬಿಟ್ಟು ಬೇರೆ ಎಡಿಟ್ ಸೇವ್ ಮಾಡೋಕೆ ಬಿಡದೇ ಇರಬಹುದು, ಮಾನಿಟೈಸೇಷನ್ ಸಿಗೋ ಪಾರ್ಟ್ನರ್ ಪ್ರೋಗ್ರಾಮಲ್ಲಿ ಇರೋ ಚಾನೆಲ್‌ಗಳಿಗೆ ಆ ಅಡ್ಡಿ ಇಲ್ಲ. ಅವಳ ವಿಡಿಯೋಗೆ ಇದ್ದಿದ್ದು ಸುಮಾರು 18 ಸಾವಿರ ವ್ಯೂಸ್, ಆರಾಮಾಗಿ ಆಗ್ತಿತ್ತು.

ಮಗು ಮುಖ ಬಂದ್ಬಿಟ್ಟಿದೆ, ಸ್ಕ್ರೀನ್ ರೆಕಾರ್ಡಿಂಗಲ್ಲಿ ಫೋನ್ ನಂಬರ್ ಕಾಣ್ತಿದೆ, ಇಂಥದ್ದಾದ್ರೆ ಕ್ರಮ ಸ್ವಲ್ಪ ಬೇರೆ. ಯೋಚನೆ ಮಾಡ್ತಾ ಕೂರ್ಬೇಡಿ, ಕೂಡಲೇ ಪ್ರೈವೇಟ್ ಮಾಡಿ, ಅನ್‌ಲಿಸ್ಟೆಡ್ ಸಾಲಲ್ಲ. ಆಮೇಲೆ ಸಮಾಧಾನವಾಗಿ ಎಡಿಟರಲ್ಲಿ ಆ ಜಾಗ ಬ್ಲರ್ ಮಾಡಿ ಅಥವಾ ಕತ್ತರಿಸಿ, ಪೂರ್ತಿ ಪ್ರೊಸೆಸ್ ಆಗಿದೆಯಾ ಅಂತ ನೀವೇ ಪ್ಲೇ ಮಾಡಿ ನೋಡಿ, ಆಮೇಲೆ ಪಬ್ಲಿಕ್ ಮಾಡಿ. ಅಷ್ಟರಲ್ಲಿ ಯಾರಾದ್ರೂ ಡೌನ್‌ಲೋಡ್ ಮಾಡ್ಕೊಂಡಿದ್ರೆ ಆ ಕಾಪಿನ ಪ್ರೈವೇಟೂ ತೆಗೆಯಲ್ಲ, ಡಿಲೀಟೂ ತೆಗೆಯಲ್ಲ, ಇದು ಎರಡಕ್ಕೂ ಒಂದೇ.

ಕಾಪಿರೈಟ್ ಸ್ಟ್ರೈಕ್ ಬಂದಾಗ ಭಯಬಿದ್ದು ವಿಡಿಯೋ ಅಳಿಸೋರೂ ಇದಾರೆ. ಅಳಿಸಿದ್ರೆ ಸ್ಟ್ರೈಕ್ ಹೋಗಲ್ಲ, ಅದು ಅವಧಿ ಮುಗಿಯೋ ತನಕ ಅಥವಾ ಹಾಕಿದೋರು ವಾಪಸ್ ತಗೊಳ್ಳೋ ತನಕ ಹಾಗೇ ಇರುತ್ತೆ. ಬೇರೆಯೋರ ಹಾಡೋ ದೃಶ್ಯನೋ ನಿಮ್ಮ ವಿಡಿಯೋದಲ್ಲಿದೆ ಅಂತ ಯೂಟ್ಯೂಬ್ ಸಿಸ್ಟಮ್ ತಾನೇ ಪತ್ತೆ ಹಚ್ಚಿದಾಗ ಬರೋ ಕಂಟೆಂಟ್ ಐಡಿ ಕ್ಲೇಮ್ ಬೇರೆ ವಿಷಯ, ಅದು ಸ್ಟ್ರೈಕ್ ಅಲ್ಲ, ವಿಡಿಯೋ ತೆಗೆದ್ರೆ ಕ್ಲೇಮೂ ಹೋಗುತ್ತೆ, ಆದ್ರೆ ಹಾಡಿರೋ ಭಾಗ ಮಾತ್ರ ಕತ್ತರಿಸಿದ್ರೂ ಹೋಗುತ್ತೆ, ಹಾಗಾಗಿ ಅಲ್ಲೂ ಡಿಲೀಟ್ ಮೊದಲ ದಾರಿ ಅಲ್ಲ.

ಹಾಗಾದ್ರೆ ಡಿಲೀಟ್ ಯಾವಾಗ? ನನ್ನ ಪ್ರಕಾರ ಆ ವಿಡಿಯೋ ನಿಮ್ಮ ಅಕೌಂಟಲ್ಲೂ ಇರಬಾರದು ಅನ್ನೋ ಕಾರಣ ಇದ್ದಾಗ ಮಾತ್ರ. ಅಕೌಂಟ್ ಹ್ಯಾಕ್ ಆದ್ರೆ ಪ್ರೈವೇಟ್ ವಿಡಿಯೋ ಕೂಡ ಆ ಹ್ಯಾಕರ್ ಕೈಗೆ ಸಿಗುತ್ತಲ್ಲ, ಹಾಗಾಗಿ ಒಬ್ರ ಮಾನದ ಪ್ರಶ್ನೆ ಇರೋ ವಿಡಿಯೋ, ವಿಡಿಯೋದಲ್ಲಿ ಇರೋರೇ ದಯವಿಟ್ಟು ತೆಗೀರಿ ಅಂದಿದ್ದು, ಇಂಥದ್ದನ್ನ ಡಿಲೀಟ್ ಮಾಡೋದೇ ಸರಿ. ಉಳಿದ ಎಲ್ಲದಕ್ಕೂ ನಾನು ಪ್ರೈವೇಟ್ ಮಾಡಿ ಒಂದು ತಿಂಗಳು ಬಿಡ್ತೀನಿ, ಆ ತಿಂಗಳಲ್ಲಿ ಯಾರೂ ಕೇಳ್ಲಿಲ್ಲ, ನಂಗೂ ಬೇಕು ಅನ್ನಿಸ್ಲಿಲ್ಲ ಅಂದ್ರೆ ಆಮೇಲೆ ನೋಡೋಣ ಅಂತ.

ಅಳಿಸ್ಲೇಬೇಕು ಅಂದ್ರೆ ಒಂದು ಕಾಪಿ ಇಟ್ಕೊಳ್ಳಿ. ಸ್ಟುಡಿಯೋದಲ್ಲೇ ಡೌನ್‌ಲೋಡ್ ಅಂತ ಇದೆ, ಆದ್ರೆ ಅದು ಕೊಡೋದು 720 ಅಥವಾ 360 ಕ್ವಾಲಿಟಿ ಎಂಪಿ4. ಒಳ್ಳೇ ಕ್ವಾಲಿಟಿ ಬೇಕು ಅನ್ನೋರು takeout.google.com ಅಲ್ಲಿ ಯೂಟ್ಯೂಬ್ ಒಂದನ್ನೇ ಟಿಕ್ ಮಾಡಿ ಎಕ್ಸ್‌ಪೋರ್ಟ್ ಹಾಕಿ, ರೆಡಿ ಆಗೋಕೆ ಗಂಟೆಗಳೋ ದಿನಗಳೋ ಹಿಡಿಯಬಹುದು, ರೆಡಿ ಆದ್ಮೇಲೆ ಮೇಲ್ ಬರುತ್ತೆ. ಫೈಲ್ ಇಳಿಸ್ಕೊಂಡು, ಓಪನ್ ಮಾಡಿ ಕೊನೇ ತನಕ ಓಡುತ್ತಾ ನೋಡಿ, ಆಮೇಲೆ ಅಳಿಸಿ. ಅಳಿಸಿದ್ಮೇಲೆ ಟೇಕ್ಔಟಲ್ಲೂ ಅದು ಬರಲ್ಲ.

ಡಿಲೀಟ್ ಆಗೋಗಿದೆ, ಈಗೇನು

ಮೊದಲು ನಿಜವಾಗ್ಲೂ ಡಿಲೀಟ್ ಆಗಿದೆಯಾ ನೋಡಿ. studio.youtube.com ತೆಗೆದು Content ಗೆ ಹೋಗಿ, ಅಲ್ಲಿ ವಿಡಿಯೋಸ್, ಶಾರ್ಟ್ಸ್, ಲೈವ್ ಅಂತ ಬೇರೆ ಬೇರೆ ಟ್ಯಾಬ್ ಇದೆ, ಲೈವ್ ಮಾಡಿದ್ದನ್ನ ವಿಡಿಯೋಸ್ ಟ್ಯಾಬಲ್ಲಿ ಹುಡುಕಿ ಇಲ್ಲ ಅಂತ ಅಳೋರನ್ನ ನೋಡಿದೀನಿ. ಮೂಲೆಲಿರೋ ಫೋಟೋ ಒತ್ತಿ ಯಾವ ಅಕೌಂಟಲ್ಲಿ ಇದೀರಾ ಅಂತಾನೂ ನೋಡಿ, ಒಂದೇ ಇಮೇಲಲ್ಲಿ ಎರಡು ಚಾನೆಲ್ ಇರೋರಿಗೆ ಇದು ಬಹಳ ಸಲ ಆಗುತ್ತೆ. ಲಿಸ್ಟಲ್ಲಿ ಇದ್ದು Private ಅಂತ ಇದ್ರೆ ಏನೂ ಹೋಗಿಲ್ಲ. ಯೂಟ್ಯೂಬೇ ನಿಯಮ ಮೀರಿದೆ ಅಂತ ತೆಗೆದಿದ್ರೆ ಅದು ಲಿಸ್ಟಲ್ಲೇ ಇರುತ್ತೆ, ನಿಮಗೆ ಮೇಲ್ ಬಂದಿರುತ್ತೆ, ಅಪೀಲ್ ಮಾಡೋ ದಾರಿನೂ ಇರುತ್ತೆ, ಅಪೀಲ್ ಗೆದ್ರೆ ವಿಡಿಯೋ ವಾಪಸ್ ಬರುತ್ತೆ. ಲಿಸ್ಟಲ್ಲಿ ಎಲ್ಲೂ ಇಲ್ಲ, ಲಿಂಕ್ ಒತ್ತಿದ್ರೆ ಅಪ್‌ಲೋಡ್ ಮಾಡಿದೋರೇ ತೆಗೆದಿದಾರೆ ಅಂತ ಬರ್ತಿದೆ ಅಂದ್ರೆ ಅದು ಡಿಲೀಟೇ.

ನೀವೇ ಡಿಲೀಟ್ ಮಾಡಿದ್ದನ್ನ ವಾಪಸ್ ತರೋಕೆ ನಿಮ್ಮ ಕೈಲಿ ಯಾವ ಬಟನ್ನೂ ಇಲ್ಲ. ಗೂಗಲ್ ತನ್ನ ಸಿಸ್ಟಮ್ಮಿಂದ ಡೇಟಾ ಪೂರ್ತಿ ಅಳಿಸೋಕೆ ಸಾಮಾನ್ಯವಾಗಿ 2 ತಿಂಗಳು, ಬ್ಯಾಕಪ್‌ಗಳಿಂದ 6 ತಿಂಗಳ ತನಕ ಆಗಬಹುದು ಅಂತ ಅವರೇ ಬರ್ಕೊಂಡಿದಾರೆ, ಅದನ್ನ ಓದಿ ಹಾಗಾದ್ರೆ ಇನ್ನೂ ಎಲ್ಲೋ ಇದೆಯಲ್ಲ, ಕೇಳಿದ್ರೆ ಕೊಡ್ತಾರೆ ಅಂತ ಆಸೆ ಹುಟ್ಟುತ್ತೆ. ಅದು ಅವರು ಅಳಿಸೋಕೆ ತಗೊಳ್ಳೋ ಸಮಯ, ನಮಗೆ ಕೊಟ್ಟಿರೋ ಗಡುವಲ್ಲ. ಚಾನೆಲ್ ಹ್ಯಾಕ್ ಆಗಿ ಬೇರೆಯೋರು ಅಳಿಸಿದ್ರೆ ಮಾತ್ರ ಬೇರೆ ಕಥೆ, ಅಕೌಂಟ್ ವಾಪಸ್ ತಗೊಂಡ ತಕ್ಷಣ ಯೂಟ್ಯೂಬ್ ಸಪೋರ್ಟಿಗೆ ಹ್ಯಾಕ್ ಆದ ವಿಷಯ ಹೇಳಿ ಕೇಳಿ. ದುಡ್ಡು ಕೊಡಿ ಡಿಲೀಟ್ ಆದ ಯೂಟ್ಯೂಬ್ ವಿಡಿಯೋ ವಾಪಸ್ ತರ್ತೀವಿ, ಪಾಸ್‌ವರ್ಡ್ ಕೊಡಿ ಅಂತ ಕಾಮೆಂಟಲ್ಲಿ ಬರೋರು ಯಾರೇ ಆಗಿರ್ಲಿ ಅವರು ಮೋಸಗಾರರು, ಉತ್ತರನೂ ಕೊಡ್ಬೇಡಿ.

ಹಾಗಾಗಿ ಇರೋ ಕೆಲಸ ಅಂದ್ರೆ ಇನ್ನೊಂದು ಕಾಪಿ ಹುಡುಕೋದು. ನಾವಿಬ್ರೂ ಆವತ್ತು ರಾತ್ರಿ ಕೂತು ಹುಡುಕಿದ ಕ್ರಮ ಹೇಳ್ತೀನಿ. ಮೊದಲು ಗೂಗಲ್ ಫೋಟೋಸ್ ಟ್ರ್ಯಾಶ್. ಬ್ಯಾಕಪ್ ಆಗಿದ್ದ ಫೈಲ್ ಅಲ್ಲಿ 60 ದಿನ ಇರುತ್ತೆ, ಬ್ಯಾಕಪ್ ಆಗದೇ ಇದ್ದಿದ್ದು 30 ದಿನ, ಐಫೋನ್ ಇರೋರಿಗೆ Recently Deleted ಅಲ್ಲಿ 30 ದಿನದ ಲೆಕ್ಕ ಇದೆ. ಅವಳು ಫೋನಿಂದ ಅಳಿಸಿ ವರ್ಷಗಳೇ ಆಗಿತ್ತು, ಅಲ್ಲಿ ಏನೂ ಇಲ್ಲ. ಆಮೇಲೆ ಎಡಿಟಿಂಗ್ ಆ್ಯಪ್, ಪ್ರಾಜೆಕ್ಟ್ ಹೆಸರು ಕಂಡಾಗ ಇಬ್ರಿಗೂ ಜೀವ ಬಂದಂಗಾಯ್ತು, ತೆಗೆದ್ರೆ ಟೈಮ್‌ಲೈನಲ್ಲಿ ಅವಳು ಹಾಕಿದ್ದ ಅಕ್ಷರಗಳು ಮಾತ್ರ ಇದೆ, ಕ್ಲಿಪ್ ಇರ್ಬೇಕಾದ ಕಡೆ ಕಪ್ಪು. ಪ್ರಾಜೆಕ್ಟ್ ಫೈಲ್ ಒಳಗೆ ವಿಡಿಯೋ ಇರಲ್ಲ, ವಿಡಿಯೋ ಎಲ್ಲಿದೆ ಅನ್ನೋ ವಿಳಾಸ ಅಷ್ಟೇ ಇರೋದು, ಮೂಲ ಕ್ಲಿಪ್ ಅಳಿಸಿದ್ರೆ ಹೀಗೇ.

ರಿಕವರಿ ಆ್ಯಪ್ ಹಾಕ್ಲಾ ಅಂದ್ಲು. ಫೋನಿನ ಒಳಗಿನ ಮೆಮೊರಿಗೆ ಅದ್ರಿಂದ ಹೆಚ್ಚೇನೂ ಆಗಲ್ಲ, ಈಗಿನ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತೆ, ಅಳಿಸಿದ ಜಾಗವನ್ನ ಫೋನ್ ತಾನೇ ಖಾಲಿ ಮಾಡ್ಕೊಳ್ಳುತ್ತೆ, ಅಂಥ ಆ್ಯಪ್‌ಗಳು ಸಾಮಾನ್ಯವಾಗಿ ತೋರ್ಸೋದು ಹಳೇ ಸಣ್ಣ ಥಂಬ್‌ನೇಲ್ ಚಿತ್ರಗಳನ್ನ. ಕ್ಯಾಮೆರಾದ ಎಸ್‌ಡಿ ಕಾರ್ಡಲ್ಲಿ ಶೂಟ್ ಮಾಡಿದ್ರೆ ಮಾತ್ರ ಆಸೆ ಇಟ್ಕೋಬಹುದು, ಯಾಕಂದ್ರೆ ಅಲ್ಲಿ ಅಳಿಸಿದಾಗ ಸಾಮಾನ್ಯವಾಗಿ ಪಟ್ಟಿಯಿಂದ ಹೆಸರು ಹೋಗುತ್ತೆ, ಒಳಗಿನ ಡೇಟಾ ಮೇಲೆ ಬೇರೆ ಏನಾದ್ರೂ ಬರೆಯೋ ತನಕ ಉಳಿದಿರುತ್ತೆ. ಕಾರ್ಡ್ ತಕ್ಷಣ ತೆಗೆದಿಡಿ, ಅದ್ರಲ್ಲಿ ಒಂದು ಫೋಟೋನೂ ತೆಗೀಬೇಡಿ, PhotoRec ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದನ್ನ ಓಡಿಸಿ, ಸಿಕ್ಕಿದ್ದನ್ನ ಅದೇ ಕಾರ್ಡಿಗೆ ಸೇವ್ ಮಾಡದೆ ಕಂಪ್ಯೂಟರಿಗೆ ಸೇವ್ ಮಾಡಿ. ಸಿಕ್ಕಿದ ಫೈಲ್‌ಗೆ ಹೆಸರಿರಲ್ಲ, ಕೆಲವು ದೊಡ್ಡ ವಿಡಿಯೋ ತುಂಡಾಗಿ ಓಡದೇ ಇರಬಹುದು. ಅವಳು ಫೋನಲ್ಲೇ ಶೂಟ್ ಮಾಡಿದ್ದು, ಹಾಗಾಗಿ ಈ ದಾರಿನೂ ಮುಚ್ಚಿತ್ತು.

ವೇಬ್ಯಾಕ್ ಮೆಷಿನ್ ಅಂತ ಇಂಟರ್ನೆಟ್ ಆರ್ಕೈವ್ ನಡೆಸೋ ಸೈಟ್ ಇದೆ, web.archive.org, ಅಲ್ಲಿ ಹಳೇ ಲಿಂಕ್ ಹಾಕಿದ್ವಿ. ಪೇಜ್ ಸಿಕ್ತು, ಟೈಟಲ್ಲು, ಡಿಸ್ಕ್ರಿಪ್ಷನ್ನು ಪೂರ್ತಿ ಇತ್ತು, ಕಾಪಿ ಮಾಡ್ಕೊಂಡ್ವಿ, ವಿಡಿಯೋ ಮಾತ್ರ ಓಡ್ಲಿಲ್ಲ. ಅಲ್ಲಿ ವಿಡಿಯೋ ಫೈಲೇ ಉಳಿದಿರೋದು ಅಪರೂಪ, ಆದ್ರೂ ಎರಡು ನಿಮಿಷದ ಕೆಲಸ, ನೋಡಿಬಿಡಿ. ಲಿಂಕ್ ಮರೆತಿದ್ರೆ ಬ್ರೌಸರ್ ಹಿಸ್ಟರಿಲಿ, ಯಾರಿಗೋ ಕಳಿಸಿದ ಮೆಸೇಜಲ್ಲಿ ಇರುತ್ತೆ.

ಕೊನೆಗೆ ಸಿಕ್ಕಿದ್ದು ನಾವು ಅನ್ಕೊಂಡೇ ಇರದ ಕಡೆ. ಆ ಪಾಠ ಮಾಡಿದ ದಿನ ಅವಳ ಸ್ಟೂಡೆಂಟ್ಸ್ ಟೆಲಿಗ್ರಾಂ ಗ್ರೂಪಿಗೆ ಫೈಲ್ ಆಗಿ ಹಾಕಿದ್ಲಂತೆ. ಟೆಲಿಗ್ರಾಂನಲ್ಲಿ ವಿಡಿಯೋನ ಫೈಲ್ ಅಂತ ಕಳಿಸಿದ್ರೆ ಅದು ಕುಗ್ಗಿಸಲ್ಲ, ಸರ್ವರಲ್ಲೇ ಉಳಿದಿರುತ್ತೆ, ಫೋನ್ ಬದಲಾಯಿಸಿದ್ರೂ ಸಿಗುತ್ತೆ. ಗ್ರೂಪಲ್ಲಿ ಮೂರು ವರ್ಷ ಹಿಂದಕ್ಕೆ ಸ್ಕ್ರೋಲ್ ಮಾಡೋ ಬದಲು ಗ್ರೂಪಿನ ಹೆಸರು ಒತ್ತಿ ಫೈಲ್ಸ್ ಟ್ಯಾಬಲ್ಲಿ ಹುಡುಕಿದ್ವಿ, ಇತ್ತು, 1080 ಕ್ವಾಲಿಟಿಲೇ. ನೀವೂ ಯಾವ್ಯಾವ ಗ್ರೂಪಿಗೆ, ಯಾರ ಡ್ರೈವಿಗೆ, ಯಾರ ಪೆನ್‌ಡ್ರೈವಿಗೆ ಕೊಟ್ಟಿದ್ರಿ ಅಂತ ನೆನಪು ಮಾಡ್ಕೊಳ್ಳಿ, ಸಾಫ್ಟ್‌ವೇರ್‌ಗಿಂತ ಜನರ ಹತ್ರ ಸಿಗೋ ಸಾಧ್ಯತೆ ಜಾಸ್ತಿ.

ಆ 20 ಸೆಕೆಂಡ್ ತಿದ್ದಿ ಮತ್ತೆ ಅಪ್‌ಲೋಡ್ ಮಾಡಿದ್ಲು, ಹೊಸ ಲಿಂಕು, ಸೊನ್ನೆ ವ್ಯೂಸು. ಕಾಮೆಂಟ್‌ಗಳು ಹೋಗಿದ್ವು, ಆದ್ರೆ ಅವಳಿಗೆ ಕಾಮೆಂಟ್ ಬಂದಾಗ ಮೇಲ್ ಬರೋ ಸೆಟ್ಟಿಂಗ್ ಆನ್ ಇತ್ತು, ವಿಡಿಯೋ ಟೈಟಲ್ ಹಾಕಿ ಮೇಲ್ ಬಾಕ್ಸಲ್ಲಿ ಹುಡುಕಿದ್ರೆ ಅರವತ್ತಕ್ಕೂ ಜಾಸ್ತಿ ಡೌಟ್‌ಗಳು ಮಕ್ಕಳು ಬರೆದಿದ್ದ ಹಾಗೇ ಸಿಕ್ತು. ಅವಳು ಕೊಟ್ಟ ಉತ್ತರ ಒಂದೂ ಮೇಲಲ್ಲಿ ಇರ್ಲಿಲ್ಲ. ಆ ಅರವತ್ತಕ್ಕೂ ಮತ್ತೆ ಉತ್ತರ ಬರೆದು ಒಂದು ಪಿಡಿಎಫ್ ಮಾಡಿ ಹೊಸ ವಿಡಿಯೋ ಡಿಸ್ಕ್ರಿಪ್ಷನ್ ಕೆಳಗೆ ಲಿಂಕ್ ಹಾಕಿದಾಳೆ, ಮೂರು ಭಾನುವಾರ ಹಿಡೀತು.